‘ಈ ತಿಂಗಳು ಚೆನ್ನಾಗಿ ಓದುತ್ತೇನೆ’ ಎಂದರೆ ಎಷ್ಟು?

ಪರೀಕ್ಷೆಯ ಅಂಕ ಬಂದ ದಿನ ‘ಮುಂದಿನ ತಿಂಗಳು ಹೆಚ್ಚು ಓದುತ್ತೇನೆ’ ಎಂದು ಎಲ್ಲರೂ ಹೇಳುತ್ತೇವೆ. ಆದರೆ ತಿಂಗಳ ಕೊನೆಗೆ ಓದಿದೆವೋ ಇಲ್ಲವೋ ಎಂದು ತಿಳಿಯಲು ಆ ಮಾತಿನಲ್ಲಿ ಅಳತೆಯೇ ಇಲ್ಲ. ‘ಕೈಲಾದಷ್ಟು ಮಾಡು’ ಎನ್ನುವುದಕ್ಕಿಂತ ಸ್ಪಷ್ಟವಾದ, ಸ್ವಲ್ಪ ಕಷ್ಟದ ಗುರಿ ಕೊಟ್ಟರೆ ಜನ ಹೆಚ್ಚು ಕೆಲಸ ಮಾಡುತ್ತಾರೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವಿನ್ ಲಾಕ್ 1968ರಲ್ಲೇ ಬರೆದಿದ್ದರು.

ನಮ್ಮ ಲೆಕ್ಕಶಾಸ್ತ್ರವನ್ನೇ ತೆಗೆದುಕೊಳ್ಳೋಣ. ಹೊಸ ಪಾಲುದಾರನ ಸೇರ್ಪಡೆಯ ಅಧ್ಯಾಯಕ್ಕೆ ನಾನು ಬರೆದುಕೊಂಡ ಗುರಿ ಇದು: ‘ನಾಲ್ಕು ವಾರ, ಸೋಮವಾರದಿಂದ ಶುಕ್ರವಾರದವರೆಗೆ, ಇಶಾ ನಮಾಜಿನ ನಂತರ ದಿನಕ್ಕೊಂದು ದೊಡ್ಡ ಲೆಕ್ಕ, 40 ನಿಮಿಷದೊಳಗೆ, ಉತ್ತರ ನೋಡದೆ.’ ಒಟ್ಟು 20 ಲೆಕ್ಕ. ‘ದಿನಕ್ಕೆ ಎರಡು ಗಂಟೆ’ ಎಂದು ಬರೆಯಲಿಲ್ಲ, ಏಕೆಂದರೆ ಪುಸ್ತಕ ತೆರೆದು ಕೂತರೂ ಎರಡು ಗಂಟೆ ಕಳೆಯುತ್ತದೆ. ಅಧ್ಯಾಯ ಪೂರ್ತಿ ಹೊಸದಾಗಿದ್ದರೆ ಗಡಿಯಾರ ಬೇಡ. ಮೊದಲು ಮೂರು ಲೆಕ್ಕ ಪುಸ್ತಕ ನೋಡಿಕೊಂಡೇ ಮಾಡಿ, ಆಮೇಲೆ ಎಣಿಕೆ ಶುರು ಮಾಡಬೇಕು.

ಯಾವ ಲೆಕ್ಕವನ್ನು ‘ಸರಿ’ ಎಂದು ಎಣಿಸಬೇಕು? ಬ್ಯಾಲೆನ್ಸ್ ಶೀಟಿನ ಎರಡೂ ಬದಿ ಸಮವಾದರೆ ಸಾಕು ಎನ್ನುವವರಿದ್ದಾರೆ. ಸಾಲದು. ಇಬ್ಬರು ಪಾಲುದಾರರು ಲಾಭವನ್ನು 3:2ರಂತೆ ಹಂಚಿಕೊಳ್ಳುತ್ತಿದ್ದಾರೆ. ಹೊಸಬ 1/5 ಪಾಲನ್ನು ಇಬ್ಬರಿಂದಲೂ ಸಮವಾಗಿ ಪಡೆದು, ಗುಡ್‌ವಿಲ್‌ಗೆ 50,000 ರೂಪಾಯಿ ತರುತ್ತಾನೆ. ಒಬ್ಬೊಬ್ಬರು ಬಿಟ್ಟುಕೊಟ್ಟದ್ದು 1/10, ಆದ್ದರಿಂದ ಇಬ್ಬರಿಗೂ 25,000 ಸಲ್ಲಬೇಕು. ಅದನ್ನು ಹಳೆಯ ಅನುಪಾತದಲ್ಲಿ 30,000 ಮತ್ತು 20,000 ಎಂದು ಹಂಚಿದರೂ ಬ್ಯಾಲೆನ್ಸ್ ಶೀಟ್ ಸಮವಾಗಿಯೇ ಇರುತ್ತದೆ, ಬಂಡವಾಳ ಖಾತೆಗಳು ಮಾತ್ರ ತಪ್ಪಿರುತ್ತವೆ. ಹಾಗಾಗಿ ಪ್ರತಿಯೊಬ್ಬರ ಬಂಡವಾಳದ ಶಿಲ್ಕೂ ಉತ್ತರದೊಂದಿಗೆ ತಾಳೆಯಾದರೆ ಮಾತ್ರ ಸರಿ.

ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನಾಲ್ಕು ಕಾಲಂ ಸಾಕು: ದಿನಾಂಕ, ಹಿಡಿದ ನಿಮಿಷ, ಸರಿಯೋ ತಪ್ಪೋ, ತಪ್ಪಿದ್ದು ಎಲ್ಲಿ. ವಾರದಲ್ಲಿ ಐದಕ್ಕೆ ಎರಡೇ ಸರಿಯಾಗಿ, ಮೂರೂ ತಪ್ಪು ಗುಡ್‌ವಿಲ್‌ನಲ್ಲೇ ಇದ್ದರೆ ಶನಿವಾರದ ಕೆಲಸ ತಾನಾಗಿಯೇ ಗೊತ್ತಾಗುತ್ತದೆ: ಗುಡ್‌ವಿಲ್ ಹಂಚಿಕೆಯ ಸಣ್ಣ ಲೆಕ್ಕಗಳು. ಮೊದಲ ವಾರವೇ ಐದೂ ಸರಿಯಾದರೆ ಗುರಿ ಸುಲಭವಾಯಿತು ಎಂದರ್ಥ. ಆಗ ಪಾಲುದಾರನ ನಿವೃತ್ತಿಯ ಅಧ್ಯಾಯಕ್ಕೆ ಹೋಗಬಹುದು.

ಎಣಿಕೆಗೊಂದು ಅಪಾಯವೂ ಇದೆ. ಸಂಖ್ಯೆ ತುಂಬಿಸಲು ಸುಲಭದ ಲೆಕ್ಕಗಳನ್ನೇ ಆರಿಸಲು ಮನಸ್ಸಾಗುತ್ತದೆ. ಅದಕ್ಕೇ 20 ಲೆಕ್ಕಗಳ ಕ್ರಮಸಂಖ್ಯೆಯನ್ನು ಮೊದಲ ದಿನವೇ ಬರೆದಿಡಬೇಕು.

ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ಓಡಾಡುವವರು ಗುರಿಯನ್ನು ತಮ್ಮ ದಿನಕ್ಕೆ ಹೊಂದಿಸಿಕೊಳ್ಳಬೇಕು. ಕುಲುಕುವ ಬಸ್ಸಿನಲ್ಲಿ ಖಾತೆ ಗೆರೆ ಹಾಕಲು ಆಗುವುದಿಲ್ಲ, ಆದರೆ ಒಂದು ಲೆಕ್ಕದ ಹೊಂದಾಣಿಕೆಗಳನ್ನು ಓದಿ, ಯಾವುದು ಯಾವ ಖಾತೆಗೆ ಹೋಗುತ್ತದೆ ಎಂದು ಬಾಯಲ್ಲಿ ಹೇಳಿಕೊಳ್ಳಬಹುದು. ಮನೆಗೆ ಹೋಗಿ ಅದೇ ಲೆಕ್ಕ ಬರೆದರೆ ದಿನದ ಗುರಿ ಮುಗಿಯಿತು.