ಸೊಂಟ ನೋಯುವಾಗ ಜಿಮ್‌ನಲ್ಲಿ ಏನು ಬದಲಿಸಬೇಕು?

ಬಗ್ಗಿದಾಗ ಸೊಂಟ ಹಿಡಿದುಕೊಂಡು, ನಡೆದಾಡಿದರೆ ಹಗುರಾಗುತ್ತದೆ ಎನ್ನುವವರು ಜಿಮ್ ಬಿಡಬೇಕಿಲ್ಲ. ಬಗ್ಗಿ ಎತ್ತುವ ಭಾರವನ್ನು ಕೆಲಕಾಲ ಇಳಿಸಿದರಾಯಿತು. ಡೆಡ್‌ಲಿಫ್ಟ್ ಬಾರನ್ನು ನೆಲದಿಂದೆತ್ತುವ ಬದಲು ಮಂಡಿಯೆತ್ತರದಿಂದ, ಅರ್ಧ ತೂಕದಲ್ಲಿ ಎತ್ತಿ. ಸಿಟ್‌ಅಪ್ ಬದಲು ಬರ್ಡ್‌ಡಾಗ್ ಮಾಡಿ: ಅಂಗೈ, ಮಂಡಿ ಊರಿ ಬಲಗೈಯನ್ನೂ ಎಡಗಾಲನ್ನೂ ನೇರ ಚಾಚಿ 8 ಸೆಕೆಂಡ್ ನಿಲ್ಲಿ. ಸೊಂಟ ಒಂದು ಕಡೆ ವಾಲಿದರೆ ಕಾಲು ತುಸು ಇಳಿಸಿ. ಪಕ್ಕ ಬದಲಿಸುತ್ತ ಆರಾರು ಸಲ ಸಾಕು.

ಮಾಡುವಾಗ ಅಲ್ಪಸ್ವಲ್ಪ ನೋವಿದ್ದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆ ಅದು ಹೆಚ್ಚಿರಬಾರದು. ನನ್ನ ಮಟ್ಟಿಗೆ ಇದೇ ನಂಬಬಹುದಾದ ಅಳತೆ. ಹೆಚ್ಚಿದ್ದರೆ ತೂಕ ಇನ್ನೂ ಇಳಿಸಿ.

ಎರಡು ಮೂರು ವಾರದಲ್ಲಿ ಸುಧಾರಿಸದಿದ್ದರೆ, ಅಥವಾ ನೋವು ಮಂಡಿಯ ಕೆಳಗೂ ಇಳಿದರೆ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಕಾಲಿನ ಬಲ ಕುಗ್ಗಿದರೆ, ತೊಡೆಸಂದು ಮರಗಟ್ಟಿದರೆ, ಮೂತ್ರದ ಹತೋಟಿ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.