ಡ್ಯೂಟಿ ಚಾರ್ಟ್‌ನಲ್ಲಿ ಕೆಂಪು ಮನೆ

ತಿಂಗಳ ರಜೆ, ವಾರದ ರಜೆ, ನೈಟ್ ಡ್ಯೂಟಿ ಎಲ್ಲವನ್ನೂ ಹೊಂದಿಸಿ ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಚಾರ್ಟ್ ಬರೆದು ಮುಗಿಸುತ್ತಾರೆ. ಯಾವ ಪಾಳಿಯಲ್ಲಿ ಜನ ಕಡಿಮೆ ಬಿದ್ದಿದ್ದಾರೆ ಎಂಬುದು ಮಾತ್ರ ಆ ದಿನ ಬಂದ ಮೇಲೆಯೇ ಗೊತ್ತಾಗುತ್ತದೆ. ಎಕ್ಸೆಲ್ ಹಾಳೆಗೆ ಈ ಎಣಿಕೆಯನ್ನು ಒಪ್ಪಿಸಿದರೆ ಅದು ಮೊದಲೇ ಹೇಳಿಬಿಡುತ್ತದೆ.

ಒಂದು ವಾರ್ಡ್‌ನಲ್ಲಿ 12 ನರ್ಸ್‌ಗಳಿದ್ದಾರೆ ಎನ್ನೋಣ. ಕನಿಷ್ಠ ಬೇಕಾದವರು ಬೆಳಗ್ಗೆ 4, ಸಂಜೆ 3, ರಾತ್ರಿ 2. A ಕಾಲಮ್‌ನ 2ರಿಂದ 13ನೇ ಸಾಲಿನವರೆಗೆ ಹೆಸರು, Bಯಿಂದ Hವರೆಗೆ ಸೋಮವಾರದಿಂದ ಭಾನುವಾರ. ಪ್ರತಿ ಮನೆಯಲ್ಲಿ M, E, N, ವಾರದ ರಜೆಗೆ O, ಬೇರೆ ರಜೆಗೆ L. ಕೆಳಗೆ A15, A16, A17ರಲ್ಲಿ M, E, N ಬರೆದು, ಅವುಗಳ ಕನಿಷ್ಠ ಸಂಖ್ಯೆಯನ್ನು J ಕಾಲಮ್‌ನಲ್ಲಿ ಇಡಿ. B15ರಲ್ಲಿ ಈ ಸೂತ್ರ ಹಾಕಿ H17ರವರೆಗೆ ಎಳೆಯಿರಿ:

```
=COUNTIF(B$2:B$13,$A15)
```

ಬಳಿಕ B15:H17 ಆಯ್ದು, Conditional Formatting‌ನಲ್ಲಿ `=B15<$J15` ಎಂಬ ನಿಯಮಕ್ಕೆ ಕೆಂಪು ಬಣ್ಣ ಕೊಡಿ.

ಗುರುವಾರ ಬೆಳಗ್ಗೆ 5, ಸಂಜೆ 3 ಜನ ಇದ್ದಾರೆ. ಸಂಜೆಯ ಒಬ್ಬರು ರಜೆ ಕೇಳಿದರು. E ಅಳಿಸಿ L ಬರೆದ ಕೂಡಲೇ ಸಂಜೆಯ ಲೆಕ್ಕ 2ಕ್ಕೆ ಇಳಿದು ಮನೆ ಕೆಂಪಾಗುತ್ತದೆ. ಬೆಳಗಿನ ಒಬ್ಬರನ್ನು ಸಂಜೆಗೆ ಬದಲಿಸಿದರೆ 4, 3, ಕೆಂಪು ಹೋಯಿತು.

ನೈಟ್ ಮುಗಿಸಿದವರನ್ನೇ ಮರುಬೆಳಗಿನ ಡ್ಯೂಟಿಗೆ ಹಾಕಿದರೂ ಮೇಲಿನ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಅದನ್ನು ಹಿಡಿಯಲು I2ರಲ್ಲಿ ಇನ್ನೊಂದು ಸೂತ್ರ ಹಾಕಿ, I13ರವರೆಗೆ ಎಳೆಯಿರಿ. ಉತ್ತರ ಸೊನ್ನೆಯೇ ಇರಬೇಕು:

```
=COUNTIFS(B2:G2,"N",C2:H2,"M")
```

ಭಾನುವಾರದ ನೈಟ್‌ನಿಂದ ಮುಂದಿನ ಸೋಮವಾರಕ್ಕೆ ಇದು ದಾಟುವುದಿಲ್ಲ. ಅದನ್ನು ಕಣ್ಣಿನಿಂದಲೇ ನೋಡಬೇಕು.

ಲೆಕ್ಕ ತಪ್ಪುವುದು ಹೆಚ್ಚಾಗಿ ಎರಡು ಕಡೆ. M ಪಕ್ಕದಲ್ಲಿ ಒಂದು ಸ್ಪೇಸ್ ಬಿದ್ದರೂ ಆ ಮನೆ ಎಣಿಕೆಗೆ ಸಿಗುವುದಿಲ್ಲ. ಆದ್ದರಿಂದ Data Validation‌ನಲ್ಲಿ ಪಟ್ಟಿ ಕೊಟ್ಟು, ಅಕ್ಷರವನ್ನು ಅದರಿಂದಲೇ ಆರಿಸುವಂತೆ ಮಾಡಿ. ಹೊಸದಾಗಿ ಬಂದವರ ಹೆಸರನ್ನು 14ನೇ ಸಾಲಿನಲ್ಲಿ ಬರೆದರೆ ಅವರು ಸೂತ್ರದ ಹೊರಗೆ ಉಳಿಯುತ್ತಾರೆ. ಇದ್ದ ಹೆಸರುಗಳ ನಡುವೆ ಸಾಲು ಸೇರಿಸಿದರೆ ಸೂತ್ರ ತಾನೇ ಹಿಗ್ಗುತ್ತದೆ.

ಹಾಳೆ ಎಣಿಸುವುದು ತಲೆಯನ್ನು, ಅನುಭವವನ್ನಲ್ಲ. ರಾತ್ರಿಗೆ ಇಬ್ಬರೂ ಹೊಸಬರೇ ಬಿದ್ದರೆ ಅದು ಸುಮ್ಮನಿರುತ್ತದೆ.

ಈ ವಾರ್ಡ್‌ಗೆ ದಿನಕ್ಕೆ 9, ವಾರಕ್ಕೆ 63 ಪಾಳಿ ತುಂಬಬೇಕು. ವಾರಕ್ಕೆ ಆರು ದಿನದಂತೆ 12 ಜನ 72 ಪಾಳಿ ಕೊಡುತ್ತಾರೆ. ರಜೆ, ನೈಟ್ ಆಫ್ ಎಲ್ಲವೂ ಉಳಿದ ಒಂಬತ್ತರಲ್ಲೇ ಆಗಬೇಕು. ಇಬ್ಬರು ವರ್ಗವಾಗಿ ಹೋದರೆ ಸಿಗುವುದು 60. ಆಗ ಹೇಗೆ ತಿರುಗಿಸಿ ಹಾಕಿದರೂ ಕೆಂಪು ಹೋಗದು. ಅಂಥ ಚಾರ್ಟ್ ತಿದ್ದುತ್ತ ಕೂರಬೇಡಿ. ಪ್ರಿಂಟ್ ತೆಗೆದು ನರ್ಸಿಂಗ್ ಸೂಪರಿಂಟೆಂಡೆಂಟ್ ಮುಂದಿಡಿ, ಜನ ಕೇಳಿ.