ಟ್ರಸ್ಸಿಗೆ ಎಷ್ಟು ಕೆಜಿ ಕಬ್ಬಿಣ?

ಊರಿನಲ್ಲೊಂದು ಭಜನಾ ಮಂದಿರವೋ ಸಣ್ಣ ಸಭಾಭವನವೋ ಏಳುವಾಗ ಗೋಡೆಯವರೆಗಿನ ಲೆಕ್ಕ ಎಲ್ಲರಿಗೂ ಗೊತ್ತಾಗುತ್ತದೆ. ಚಾವಣಿಯ ಸರದಿ ಬಂದಾಗ ವೆಲ್ಡಿಂಗ್ ಶೆಡ್ಡಿನವರು ಕೆಜಿಗೆ ಇಷ್ಟು ಎಂದು ದರ ಹೇಳುತ್ತಾರೆ. ಒಟ್ಟು ಎಷ್ಟು ಕೆಜಿ ಎನ್ನುವುದು ಬಿಲ್ಲು ಕೈಗೆ ಬಂದಾಗಲೇ ತಿಳಿಯುವುದು. ಯಾವ ಗಾತ್ರದ ಕಬ್ಬಿಣ ಹಾಕಬೇಕೆಂದು ಹೇಳುವುದು ಎಂಜಿನಿಯರ್ ಕೆಲಸ. ಆದರೆ ಉದ್ದ ಮತ್ತು ತೂಕ ತೆಗೆಯಲು ಹೈಸ್ಕೂಲಿನ ಪೈಥಾಗೊರಸ್ ಪ್ರಮೇಯ ಸಾಕು.

ಒಳಗೆ 7 ಮೀಟರ್ ಅಗಲ, 16 ಮೀಟರ್ ಉದ್ದವಿರುವ ಹಾಲ್ ಒಂದನ್ನು ತೆಗೆದುಕೊಳ್ಳೋಣ. ಗೋಡೆ 20 ಸೆಂ.ಮೀ. ಸಾಲಿಡ್ ಬ್ಲಾಕಿನದು. ಟ್ರಸ್ ಕೂರುವುದು ಗೋಡೆಯ ನಡುಮಧ್ಯಕ್ಕೆ, ಆದ್ದರಿಂದ ಲೆಕ್ಕಕ್ಕೆ ಹಿಡಿಯಬೇಕಾದ ಅಗಲ 7 ಅಲ್ಲ, 7.2 ಮೀಟರ್. ಎರಡೂ ತುದಿಯ ಗೋಡೆಗಳನ್ನು ತ್ರಿಕೋನವಾಗಿ ನೆತ್ತಿಯವರೆಗೆ ಏರಿಸಿದರೆ ನಡುವೆ 4 ಮೀಟರಿಗೊಂದರಂತೆ ಮೂರೇ ಟ್ರಸ್ ಸಾಕಾಗುತ್ತವೆ.

ನೆತ್ತಿಯ ಎತ್ತರ 1.8 ಮೀಟರ್ ಇರಲಿ. ಅರ್ಧ ಅಗಲ 3.6. ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ ಇಳಿಜಾರಿನ ಕೈ 4.025 ಮೀಟರ್. ಕೆಳಗಿನ ಅಡ್ಡಪಟ್ಟಿಯನ್ನು 1.2 ಮೀಟರಿನ ಆರು ಭಾಗ ಮಾಡಿದರೆ ಅಲ್ಲಲ್ಲಿ ನಿಲ್ಲುವ ಕಂಬಿಗಳು 0.6, 1.2, 1.8, ಮತ್ತೆ 1.2, 0.6 ಮೀಟರ್. ನೆತ್ತಿಯ ಕಡೆಯಿಂದ ಕೆಳಕ್ಕೆ, ನಡುವಿನತ್ತ ಓರೆಯಾಗಿ ಇಳಿಯುವ ಕಂಬಿಗಳು ಪ್ರತಿ ಬದಿಗೆ ಎರಡು: ಒಂದು 1.342, ಇನ್ನೊಂದು 1.697.

ಈ ಉದ್ದದ ಓರೆ ಕಂಬಿಯಲ್ಲೇ ಒಂದು ಸ್ವಾರಸ್ಯವಿದೆ. ಇಂಥ ಚಾವಣಿಯಲ್ಲಿ ಅದರ ಮೇಲೆ ಬೀಳುವ ಒತ್ತಡ ಸುಮಾರು 430 ಕೆಜಿ ಅಷ್ಟೆ. 40 ಮಿ.ಮೀ. ಆ್ಯಂಗಲ್ ಧಾರಾಳವಾಗಿ ಸಾಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಒತ್ತಡ ಹೊರುವ ಸಪೂರ ಕಂಬಿ ಮುರಿಯುವ ಮೊದಲೇ ಬಾಗಿಹೋಗುತ್ತದೆ. ಅದಕ್ಕೆಂದೇ ಐಎಸ್ 800 ಸಂಹಿತೆ, ಕಂಬಿ ತನ್ನ ದಪ್ಪಕ್ಕೆ ಹೋಲಿಸಿದರೆ ಎಷ್ಟು ಉದ್ದವಿರಬಹುದು ಎಂಬ ಅಳತೆಗೆ 180ರ ಮಿತಿ ಹಾಕಿದೆ. 40 ಮಿ.ಮೀ. ಆ್ಯಂಗಲ್‌ಗೆ ಅದು 220 ಬರುತ್ತದೆ, 50 ಮಿ.ಮೀ. ಆ್ಯಂಗಲ್‌ಗೆ 177. ಹೀಗೆ ಸಣ್ಣ ಹಾಲುಗಳಲ್ಲಿ ಕಬ್ಬಿಣದ ಗಾತ್ರವನ್ನು ನಿರ್ಧರಿಸುವುದು ಎಷ್ಟೋ ಸಲ ಭಾರವಲ್ಲ, ಉದ್ದ.

ಹಾಗಾಗಿ ಇಡೀ ಟ್ರಸ್ಸಿಗೆ 50-50-6 ಆ್ಯಂಗಲ್ ಒಂದೇ ಹಿಡಿಯೋಣ: ಇಳಿಜಾರಿಗೂ ಕೆಳಪಟ್ಟಿಗೂ ಬೆನ್ನಿಗೆ ಬೆನ್ನು ಕೂಡಿಸಿದ ಜೋಡಿ, ಒಳಗಿನ ಕಂಬಿಗಳಿಗೆ ಒಂಟಿ. ಇಳಿಜಾರನ್ನು ಸೂರಿಗಾಗಿ ಗೋಡೆಯಾಚೆ ಅರ್ಧ ಮೀಟರ್ ಚಾಚಬೇಕು. ಅಂದಾಜಿನಲ್ಲಿ ಮರೆತುಹೋಗುವುದು ಇದೇ. ಓರೆಯಲ್ಲಿ ಅದು 0.56 ಮೀಟರ್ ಆಗುತ್ತದೆ. ಎಲ್ಲ ಕೂಡಿಸಿದರೆ ಒಂದು ಟ್ರಸ್ಸಿಗೆ ಸುಮಾರು 44.2 ಮೀಟರ್ ಆ್ಯಂಗಲ್ ಬೇಕು. ಮೀಟರಿಗೆ 4.5 ಕೆಜಿಯಂತೆ 199 ಕೆಜಿ. ಕೂಡುಜಾಗದ ಗಸೆಟ್ ಪ್ಲೇಟು, ಬೇಸ್ ಪ್ಲೇಟುಗಳಿಗೆ ಶೇಕಡ 10 ಸೇರಿಸಿದರೆ 219. ಮೂರಕ್ಕೆ 657 ಕೆಜಿ.

ಲೆಕ್ಕ ದಾರಿ ತಪ್ಪಿಲ್ಲವೆಂದು ನೋಡಲು ಎಂಜಿನಿಯರುಗಳಲ್ಲಿ ಹಳೆಯ ಸೂತ್ರವೊಂದಿದೆ. ಅಗಲವನ್ನು 3ರಿಂದ ಭಾಗಿಸಿ 5 ಕೂಡಿಸಿದರೆ, ಚದರ ಮೀಟರಿಗೆ ಟ್ರಸ್ಸಿನ ತೂಕ ಸರಿಸುಮಾರು ಕೆಜಿಯಲ್ಲಿ ಸಿಗುತ್ತದೆ. ಇಲ್ಲಿ ಅದು 7.4. ನಮ್ಮ ಟ್ರಸ್ 7.6. ಯಾರಾದರೂ ಹತ್ತು ಹನ್ನೆರಡು ಹೇಳಿದರೆ ಏಕೆಂದು ಕೇಳಬೇಕು, ನಾಲ್ಕು ಹೇಳಿದರೆ ಇನ್ನೂ ಗಟ್ಟಿಯಾಗಿ ಕೇಳಬೇಕು.

ಆದರೆ ಬಿಲ್ಲು ಇಲ್ಲಿಗೆ ಮುಗಿಯುವುದಿಲ್ಲ. ಶೀಟು ಕೂರುವ ಪರ್ಲಿನ್ ಬೇರೆ ಇದೆ. ಟ್ರಸ್ಸಿನ ಕೂಡುಜಾಗಗಳ ಮೇಲೂ ಸೂರಿನ ತುದಿಯಲ್ಲೂ ಒಂದೊಂದರಂತೆ ಎರಡೂ ಬದಿಗೆ ಹತ್ತು ಸಾಲು, ಒಟ್ಟು 160 ಮೀಟರ್. ಮೀಟರಿಗೆ ಸುಮಾರು 7 ಕೆಜಿ ತೂಗುವ 75 ಮಿ.ಮೀ. ಚಾನೆಲ್ ಹಾಕಿದರೆ 1,120 ಕೆಜಿ! ಮೂರೂ ಟ್ರಸ್ಸುಗಳಿಗಿಂತ ಹೆಚ್ಚು. "ಟ್ರಸ್ಸಿಗೆ ಇಷ್ಟು" ಎಂದು ಹೇಳಿದ ಅಂದಾಜಿನೊಳಗೆ ಪರ್ಲಿನ್ ಸೇರಿದೆಯೋ ಇಲ್ಲವೋ ಎಂದು ಮೊದಲೇ ವಿಚಾರಿಸದಿದ್ದರೆ ಜಗಳ ಖಚಿತ.

ಮಾಲು ಬಂದಿಳಿದಾಗ ನೋಡಬೇಕಾದದ್ದು ದಪ್ಪ. 6 ಮಿ.ಮೀ. ಜಾಗಕ್ಕೆ 5 ಬಂದರೆ ಬರಿಗಣ್ಣಿಗೆ ಗೊತ್ತಾಗುವುದಿಲ್ಲ, ತಕ್ಕಡಿಗೆ ಗೊತ್ತಾಗುತ್ತದೆ: 6 ಮೀಟರಿನ ಒಂದು ಆ್ಯಂಗಲ್ 27 ಕೆಜಿ ತೂಗಬೇಕು, 5 ಮಿ.ಮೀ. ಆದರೆ 23ರ ಆಸುಪಾಸು. ತೂಕಕ್ಕೆ ತಕ್ಕಂತೆ ದುಡ್ಡು ಕೊಡುವುದರಿಂದ ನಷ್ಟವೇನಿಲ್ಲ ಎನ್ನುವವರೂ ಇದ್ದಾರೆ. ಕಳೆದುಹೋಗುವುದು ಬಲ.

ಹಗುರ ಚಾವಣಿಗೆ ಮಳೆಗಿಂತ ಗಾಳಿಯದೇ ದೊಡ್ಡ ಕಾಟ. ಶೀಟು, ಪರ್ಲಿನ್, ಟ್ರಸ್ ಎಲ್ಲ ಸೇರಿ ಈ ಚಾವಣಿ ಚದರ ಮೀಟರಿಗೆ 22 ಕೆಜಿಯಷ್ಟೇ. ಸಂಹಿತೆಯ ಪ್ರಕಾರ ಬೆಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಆ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ 66 ಕೆಜಿಯಷ್ಟು. ಬಾಗಿಲು ತೆರೆದ ಹಾಲಿನಲ್ಲಿ ಅದರ ಅರ್ಧ ಮೇಲಕ್ಕೆ ಎತ್ತಿದರೂ ಚಾವಣಿ ತನ್ನ ತೂಕದಿಂದಷ್ಟೇ ನಿಲ್ಲಲಾರದು. ಆಗ ಕೆಳಪಟ್ಟಿಯೂ ಎಳೆತ ಬಿಟ್ಟು ಒತ್ತಡಕ್ಕೆ ಸಿಲುಕುತ್ತದೆ. ಅಲ್ಲಿ ಒಂಟಿ ಆ್ಯಂಗಲ್ ಬದಲು ಜೋಡಿ ಹಾಕಿದ್ದು ಅದಕ್ಕೇ. ಗೋಡೆಯ ಮೇಲಿನ ಕಾಂಕ್ರೀಟ್ ಬೀಮ್ ಹಾಕುವಾಗಲೇ ಬೇಸ್ ಪ್ಲೇಟಿನ ಬೋಲ್ಟುಗಳನ್ನು ಆಳವಾಗಿ ಹೂಳಿಡಬೇಕು, ಆಮೇಲೆ ಕೊರೆದು ತುರುಕಿದವನ್ನು ನಂಬಲಾಗದು.